ನೀರು ಹೋದ ಜಾಗಕ್ಕೆ ಸೆಂಟು: ಊದುಬತ್ತಿ ತಯಾರಿಸುವ ಕ್ರಮ

ಅಂಗಡಿಯಲ್ಲಿ ಸಿಗುವ ಊದುಬತ್ತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮಸಾಲೆ ಬತ್ತಿಯಲ್ಲಿ ಗಂಧದ ಪುಡಿ, ಹಾಲ್‌ಮಡ್ಡಿ, ಬೇರು, ಎಣ್ಣೆ ಎಲ್ಲವನ್ನೂ ಹಿಟ್ಟಿನಲ್ಲೇ ಕಲಸಿ ಕಡ್ಡಿಗೆ ಹೊಸೆಯುತ್ತಾರೆ, ಆಮೇಲೆ ಅದ್ದುವ ಕೆಲಸವಿಲ್ಲ. ಎರಡನೆಯದು ಇದ್ದಲಿನ ಕಪ್ಪು ಬತ್ತಿ. ಇದನ್ನು ಮೊದಲು ವಾಸನೆಯೇ ಇಲ್ಲದ ಕಚ್ಚಾ ಬತ್ತಿಯಾಗಿ ಮಾಡಿ ಒಣಗಿಸಿ, ಆಮೇಲೆ ಸೆಂಟಿಗೆ ಅದ್ದುತ್ತಾರೆ. ಹೊಸದಾಗಿ ಘಟಕ ಹಾಕುವವರು ಸಾಮಾನ್ಯವಾಗಿ ಕೈಹಾಕುವುದು ಈ ಎರಡನೆಯದಕ್ಕೆ. ಈ ಲೇಖನವೂ ಅದರ ಬಗ್ಗೆಯೇ.

ಮೊದಲೇ ಒಂದು ವಿಷಯ ತಿಳಿದಿರಲಿ. ಕಪ್ಪು ಬತ್ತಿಯನ್ನು ಎರಡು ಸಲ ‘ಒಣಗಿಸುತ್ತೇವೆ’ ಅನ್ನುತ್ತೇವೆ, ಆದರೆ ಎರಡೂ ಒಂದೇ ಕೆಲಸವಲ್ಲ. ಮೊದಲ ಸಲ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಹೋಗಬೇಕು. ಎರಡನೇ ಸಲ ಏನೂ ಹೊರಹೋಗಬಾರದು, ಅದ್ದಿದ ಸೆಂಟು ಒಳಗಿಳಿದು ಕೂರಬೇಕು. ಇದ್ದಲಿನ ಪುಡಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಲೆಕ್ಕವಿಲ್ಲದಷ್ಟಿವೆ. ಅಲ್ಲಿ ನೀರು ತುಂಬಿಕೊಂಡಿದ್ದರೆ ಎಣ್ಣೆಯಂಥ ಸೆಂಟಿಗೆ ಜಾಗವಿಲ್ಲ. ಬತ್ತಿ ಉರಿಯುವುದಿಲ್ಲ, ವಾಸನೆ ನಿಲ್ಲುವುದಿಲ್ಲ, ಡಬ್ಬಿಗೆ ಎಣ್ಣೆ ಇಳಿಯುತ್ತದೆ ಎಂಬ ದೂರುಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಬಹಳಷ್ಟು ಸಲ ಕೊನೆಗೆ ಸಿಗುವುದು ಅರೆಬರೆ ಒಣಗಿದ ಕಚ್ಚಾ ಬತ್ತಿ.

ಕಡ್ಡಿ

ಎಂಟು ಇಂಚಿನ ಬತ್ತಿಗೆ ಸುಮಾರು 1.3 ಮಿಲಿಮೀಟರ್ ದಪ್ಪದ ಬಿದಿರು ಕಡ್ಡಿ ಬೇಕು. ಕೈಯಲ್ಲಿ ಹೊಸೆಯುವವರಿಗೆ ಚೌಕ ಕಡ್ಡಿಯೂ ಆಗುತ್ತದೆ, ಯಂತ್ರಕ್ಕೆ ಆಗದು. ಕಡ್ಡಿಯನ್ನು ಒಂದೊಂದಾಗಿ ಹಿಡಿದು ತಳ್ಳುವ ಚಕ್ರಗಳಿಗೆ ದುಂಡನೆಯ, ಒಂದೇ ದಪ್ಪದ ಕಡ್ಡಿಯೇ ಬೇಕು. ದುಂಡು ಕಡ್ಡಿ ಬಹುಕಾಲ ಚೀನಾ, ವಿಯೆಟ್ನಾಂಗಳಿಂದ ಬರುತ್ತಿತ್ತು. 2020ರಲ್ಲಿ ಆಮದು ಸುಂಕ ಶೇ. 10ರಿಂದ 25ಕ್ಕೆ ಏರಿದ ಮೇಲೆ ತ್ರಿಪುರಾ, ಅಸ್ಸಾಂ ಕಡೆಯ ಕಡ್ಡಿಗೂ ಬೇಡಿಕೆ ಬಂತು.

ಕೊಳ್ಳುವಾಗ ಮೂಟೆಯ ಮೇಲ್ಪದರ ನೋಡಿ ಒಪ್ಪಬೇಡಿ. ಮಧ್ಯದಿಂದ ಒಂದು ಹಿಡಿ ತೆಗೆದು ಗಾಜು ಅಥವಾ ಗ್ರಾನೈಟ್ ಕಲ್ಲಿನ ಮೇಲೆ ಉರುಳಿಸಿ. ಬಾಗಿದ ಕಡ್ಡಿ ಕುಪ್ಪಳಿಸುತ್ತಾ ಉರುಳುತ್ತದೆ, ಕೆಲವು ಉರುಳುವುದೇ ಇಲ್ಲ. ನೂರರಲ್ಲಿ ಐದಾರು ಹೀಗಿದ್ದರೂ ಯಂತ್ರ ದಿನವಿಡೀ ನಿಂತು ನಿಂತು ನಡೆಯುತ್ತದೆ. ಎರಡಾಗಿ ಮುರಿದಾಗ ಟಕ್ ಎಂದು ಸದ್ದಾಗಬೇಕು. ಸದ್ದಿಲ್ಲದೆ ಬಾಗಿ ನಾರುನಾರಾಗಿ ಸೀಳಿದರೆ ಒಳಗೆ ತೇವವಿದೆ, ಮಳೆಗಾಲದಲ್ಲಿ ಅದೇ ಬೂಸು ಹಿಡಿಯುತ್ತದೆ.

ಪುಡಿ: ಇದ್ದಲು, ಮರದ ಪುಡಿ, ಜಿಗಟು

ಕಚ್ಚಾ ಬತ್ತಿಯ ಹಿಟ್ಟಿನಲ್ಲಿ ಮೂರೇ ಪುಡಿ. ಇದ್ದಲು ಉರಿಯುತ್ತದೆ ಮತ್ತು ಸೆಂಟನ್ನು ಹೀರುತ್ತದೆ. ಮರದ ಪುಡಿ ಕಿಡಿಯನ್ನು ಮುಂದಕ್ಕೆ ಒಯ್ಯುತ್ತದೆ, ಹಿಟ್ಟನ್ನು ಹಗುರಾಗಿಸುತ್ತದೆ. ಜಿಗಟು ಅಂಟು. ಗುಲ್ಮಾವು ಮತ್ತು ಮೈದಾಲಕಡಿಯಂಥ ಮರಗಳ ತೊಗಟೆಯನ್ನು ಒಣಗಿಸಿ ಬೀಸಿದ ಪುಡಿ ಇದು. ನೀರು ಬಿದ್ದರೆ ಉಬ್ಬಿ ಲೋಳೆಯಾಗುತ್ತದೆ, ಒಣಗಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಪಶ್ಚಿಮ ಘಟ್ಟದಲ್ಲಿ ಸುತ್ತಲೂ ತೊಗಟೆ ಸುಲಿದು ನಿಂತಲ್ಲೇ ಒಣಗಿದ ಗುಲ್ಮಾವು ಮರಗಳಿಗೆ ಒಂದು ಕಾರಣ ಈ ಪುಡಿಯೇ ಎಂಬುದನ್ನೂ ಇಲ್ಲಿ ಹೇಳಬೇಕು. ಜಿಗಟು ಎಲ್ಲಿಂದ ಬಂತೆಂದು ಕೇಳಿ ಕೊಳ್ಳುವುದು ಒಳ್ಳೆಯದು.

ಜಿಗಟಿನಲ್ಲಿ ಕಲಬೆರಕೆ ಹೆಚ್ಚು. ಪರೀಕ್ಷೆ ಸುಲಭ. ಹತ್ತು ಗ್ರಾಂ ಪುಡಿಗೆ ಸ್ವಲ್ಪಸ್ವಲ್ಪ ನೀರು ಹಾಕಿ ನಾದಿ, ಹತ್ತು ನಿಮಿಷ ಬಿಟ್ಟು, ಎರಡು ಬೆರಳ ನಡುವೆ ಎಳೆಯಿರಿ. ಒಳ್ಳೆಯ ಜಿಗಟು ರಬ್ಬರಿನಂತೆ ಎಳೆಯಾಗಿ ಬರುತ್ತದೆ. ಮಣ್ಣಿನಂತೆ ತುಂಡಾದರೆ ಅದರಲ್ಲಿ ಬೇರೆ ತೊಗಟೆಯ ಪುಡಿಯೋ ಮರದ ಹೊಟ್ಟೋ ಸೇರಿದೆ. ಇದ್ದಲಿನ ಪುಡಿಗೆ ನೋಡಬೇಕಾದ್ದು ಮರಳು. ಬೆರಳಿನಿಂದ ಗಾಜಿನ ಮೇಲೆ ಉಜ್ಜಿದಾಗ ಕರಕರ ಎಂದರೆ ಬೇಡ. ಬತ್ತಿಗೆ ಅದರಿಂದ ಆಗುವ ಕೆಡುಕಿಗಿಂತ ಯಂತ್ರದ ನಾಜಲ್ ಸವೆಯುವುದು ದೊಡ್ಡ ನಷ್ಟ.

ಲೆಕ್ಕ ಹಿಡಿಯಲು ಅನುಕೂಲವಾಗಲಿ ಎಂದು ಒಂದು ಪಾಕವನ್ನೇ ಕೊನೆಯವರೆಗೂ ನೋಡೋಣ. ಹತ್ತು ಕಿಲೋ ಪುಡಿಗೆ ಇದ್ದಲು ಐದೂವರೆ ಕಿಲೋ, ಮರದ ಪುಡಿ ಎರಡೂವರೆ, ಜಿಗಟು ಎರಡು. ಯಂತ್ರಕ್ಕೆ ಇದು ಆರಂಭಿಸಲು ತಕ್ಕ ಅಳತೆ. ಪುಡಿಗಳ ಗುಣ ನೋಡಿಕೊಂಡು ಅರ್ಧ ಕಿಲೋ ಆಚೀಚೆ ಮಾಡಬೇಕಾಗುತ್ತದೆ. ಜಿಗಟು ಕಡಿಮೆಯಾದರೆ ಒಣಗಿದ ಬತ್ತಿಯನ್ನು ಮುಟ್ಟಿದಾಗ ಕೈ ಕಪ್ಪಾಗುತ್ತದೆ, ಅದ್ದುವಾಗ ಹಿಟ್ಟು ಸೆಂಟಿನಲ್ಲೇ ಬಿಡುತ್ತದೆ. ಹೆಚ್ಚಾದರೆ ಬತ್ತಿ ನೋಡಲು ನಯವಾಗಿ, ಗಟ್ಟಿಯಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಚ್ಚಿದ ಕೆಲವೇ ನಿಮಿಷದಲ್ಲಿ ಆರುತ್ತದೆ, ಸೆಂಟನ್ನೂ ಸರಿಯಾಗಿ ಹೀರುವುದಿಲ್ಲ. ಆರುವ ಬತ್ತಿಗೆ ಮದ್ದೆಂದು ಪೆಟ್ಲುಪ್ಪು ಹಾಕುವವರಿದ್ದಾರೆ. ಬತ್ತಿ ಉರಿಯುತ್ತದೆ ನಿಜ, ಚಟಪಟ ಕಿಡಿ ಹಾರಿಸುತ್ತಾ ಬೇಗ ಮುಗಿಯುತ್ತದೆ. ಜಿಗಟನ್ನು ಕಡಿಮೆ ಮಾಡಿ ನೋಡುವುದೇ ಸರಿ.

ಕಲಸುವುದು

ಮೂರೂ ಪುಡಿಗಳನ್ನು ಮೊದಲು ಒಣದಾಗಿಯೇ ಚೆನ್ನಾಗಿ ಬೆರೆಸಿ. ಜಿಗಟಿನ ಮೇಲೆ ನೇರವಾಗಿ ನೀರು ಬಿದ್ದರೆ ಗಂಟು ಕಟ್ಟುತ್ತದೆ. ಆ ಗಂಟು ಆಮೇಲೆ ಎಷ್ಟು ತಿರುವಿದರೂ ಒಡೆಯುವುದಿಲ್ಲ. ಹತ್ತು ಕಿಲೋಗೆ ಆರು ಲೀಟರ್ ನೀರಿನಿಂದ ಶುರುಮಾಡಿ ಹದ ನೋಡಿಕೊಂಡು ಉಳಿದದ್ದನ್ನು ಚಿಮುಕಿಸಿ. ನಮ್ಮ ಪಾಕಕ್ಕೆ ಆರೂವರೆ ಲೀಟರ್ ಎಂದು ಇಟ್ಟುಕೊಳ್ಳೋಣ.

ಯಂತ್ರದ ಹಿಟ್ಟು ಚಪಾತಿ ಹಿಟ್ಟಿನಂತೆ ಇರಬಾರದು, ಒದ್ದೆ ಅವಲಕ್ಕಿಯಂತೆ ಉದುರುದುರಾಗಿರಬೇಕು. ಮುಷ್ಟಿಯಲ್ಲಿ ಬಿಗಿಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು, ಅಂಗೈಗೆ ನೀರು ಹತ್ತಬಾರದು. ಕೈಯಲ್ಲಿ ಹೊಸೆಯುವವರಿಗಾದರೆ ಇದಕ್ಕಿಂತ ಮೆತ್ತಗಿನ ಮುದ್ದೆ ಬೇಕು. ಕಲಸಿದ ಮೇಲೆ ಒದ್ದೆ ಗೋಣಿ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ, ಜಿಗಟು ಉಬ್ಬಲು ಅಷ್ಟು ಹೊತ್ತು ಬೇಕು. ಇದನ್ನು ಬಿಟ್ಟವರು ಹಿಟ್ಟು ಅಂಟುತ್ತಿಲ್ಲವೆಂದು ನೀರು ಸೇರಿಸುತ್ತಾರೆ, ಅರ್ಧ ಗಂಟೆಯಲ್ಲಿ ಅದೇ ಹಿಟ್ಟು ಲೋಳೆಯಾಗುತ್ತದೆ. ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಬಳಸುವ ಅಭ್ಯಾಸವೂ ಬೇಡ. ಹುಳಿ ವಾಸನೆ ಬರುತ್ತದೆ, ಅಂಟು ಕೂಡ ಸೋಲುತ್ತದೆ.

ಯಂತ್ರದ ಮೇಲೆ

ಯಂತ್ರದೊಳಗಿನ ಸ್ಕ್ರೂ ಹಿಟ್ಟನ್ನು ನಾಜಲ್‌ನತ್ತ ಒತ್ತುತ್ತದೆ, ಹಿಂದಿನಿಂದ ಕಡ್ಡಿ ಅದರ ನಡುವೆ ಹಾದುಬರುತ್ತದೆ, ಹಿಟ್ಟು ಸುತ್ತಿಕೊಂಡು ಮುಂದಿನ ತಟ್ಟೆಗೆ ಬೀಳುತ್ತದೆ. ಸ್ವಯಂಚಾಲಿತ ಯಂತ್ರ ನಿಮಿಷಕ್ಕೆ ನೂರೈವತ್ತರಿಂದ ಮುನ್ನೂರು ಬತ್ತಿ ಹಾಕುತ್ತದೆ. ಹಿಟ್ಟು ಸುತ್ತಿದ ಮೇಲೆ ದಪ್ಪ 3 ಮಿಲಿಮೀಟರ್ ಆಸುಪಾಸು, ಹಿಡಿಕೆಗೆಂದು ಬಿಡುವ ಬೋಳು ಭಾಗ ಒಂದೂವರೆಯಿಂದ ಎರಡು ಇಂಚು.

ಬೆಳಿಗ್ಗೆ ಮೊದಲು ಬಂದ ಹತ್ತು ಬತ್ತಿಗಳನ್ನು ಅಡ್ಡ ಮುರಿದು ನೋಡಿ. ಕಡ್ಡಿ ನಟ್ಟನಡುವೆ ಇರಬೇಕು. ಒಂದು ಕಡೆಗೆ ಸರಿದಿದ್ದರೆ ತೆಳುವಾದ ಬದಿ ಬೇಗ ಉರಿದು, ದಪ್ಪನೆಯ ಬದಿಯ ಹಿಟ್ಟು ಅರ್ಧ ಬೆಂದೇ ಉದುರುತ್ತದೆ. ಆಗ ಕಡ್ಡಿ ಬರುವ ದಾರಿಯನ್ನು ನಾಜಲ್‌ನ ನೇರಕ್ಕೆ ಮತ್ತೆ ಹೊಂದಿಸಬೇಕು. ಕಡ್ಡಿ ಬರಿಮೈಯಲ್ಲಿ ಬರುತ್ತಿದ್ದರೆ ಅಥವಾ ತಟ್ಟೆಯಲ್ಲಿ ಬತ್ತಿಗಳು ಒಂದಕ್ಕೊಂದು ಅಂಟಿದರೆ ನೀರು ಹೆಚ್ಚಾಗಿದೆ. ಮೋಟಾರು ಮುಲುಗುತ್ತಾ ಬತ್ತಿಯ ಮೈ ಮರದ ತೊಗಟೆಯಂತೆ ಬಿರುಕುಬಿಟ್ಟರೆ ನೀರು ಸಾಲದು.

ನಾಜಲ್ ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಒಣಗಿದ ಎಂಟಿಂಚಿನ ಬತ್ತಿ ಸುಮಾರು 0.8 ಗ್ರಾಂ ತೂಗುತ್ತದೆ, ಕಿಲೋಗೆ ಸಾವಿರದ ಇನ್ನೂರು ಬತ್ತಿ ಎಂದು ಇಟ್ಟುಕೊಳ್ಳಬಹುದು. ವಾರಕ್ಕೊಮ್ಮೆ ನೂರು ಒಣ ಬತ್ತಿ ತೂಗಿ ಬರೆದಿಡಿ. 83 ಗ್ರಾಂ ಇದ್ದದ್ದು 92 ಆಗಿದ್ದರೆ ಪ್ರತಿ ಬತ್ತಿಯಲ್ಲೂ ನೀವು ಹಿಟ್ಟನ್ನು ಮಾತ್ರವಲ್ಲ, ಮುಂದೆ ಅದು ಹೀರುವ ಸೆಂಟನ್ನೂ ಪುಕ್ಕಟೆ ಕೊಡುತ್ತಿದ್ದೀರಿ.

ಮೊದಲ ಒಣಗು: ತಕ್ಕಡಿ ಹೇಳುವವರೆಗೆ

ನಮ್ಮ ಪಾಕದ ಲೆಕ್ಕ ಈಗ ಉಪಯೋಗಕ್ಕೆ ಬರುತ್ತದೆ. ಪುಡಿ ಹತ್ತು ಕಿಲೋ, ನೀರು ಆರೂವರೆ, ಸುಮಾರು ಹದಿನೈದು ಸಾವಿರ ಕಡ್ಡಿಗೆ ಮೂರು ಕಿಲೋ. ಹಸಿ ಬತ್ತಿ ಒಟ್ಟು ಹತ್ತೊಂಬತ್ತೂವರೆ ಕಿಲೋ. ನೀರೆಲ್ಲ ಹೋದ ಮೇಲೆ ಉಳಿಯುವುದು ಹದಿಮೂರು ಕಿಲೋ. ಅಂದರೆ ಹಸಿ ಬತ್ತಿ ತನ್ನ ತೂಕದ ಮೂರರಲ್ಲಿ ಒಂದು ಭಾಗ ಕಳೆದುಕೊಳ್ಳಬೇಕು. ಒಂದು ಜಾಲರಿ ತಟ್ಟೆಯಲ್ಲಿ ಮೂರು ಕಿಲೋ ಹಸಿ ಬತ್ತಿ ಹರಡಿ ಅದಕ್ಕೆ ಚೀಟಿ ಕಟ್ಟಿ ಇಡಿ. ಅದು ಎರಡು ಕಿಲೋಗೆ ಇಳಿಯುವವರೆಗೆ ಆ ದಿನದ ಯಾವ ಬತ್ತಿಯೂ ಒಣಗಿಲ್ಲ. ಎರಡು ಕಿಲೋ ಹತ್ತಿರ ಬಂದ ಮೇಲೆ ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ ತೂಗಿ, ವ್ಯತ್ಯಾಸ ಕಾಣದಿದ್ದರೆ ಕೆಲಸ ಮುಗಿಯಿತು. ಮುಟ್ಟಿ ನೋಡಿ ‘ಒಣಗಿದೆ’ ಅನ್ನುವುದನ್ನು ನಂಬಬೇಡಿ. ಮೈ ಒಣಗಿದ ಎಷ್ಟೋ ಹೊತ್ತಿನ ಮೇಲೂ ಕಡ್ಡಿಗೆ ತಾಗಿದ ಒಳಪದರ ತೇವವಾಗಿರುತ್ತದೆ.

ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ತೆಳುವಾಗಿ ಹರಡಿ ಒಣಗಿಸುವುದು ಎಲ್ಲಕ್ಕಿಂತ ಕ್ಷೇಮ. ಬಯಲುಸೀಮೆಯ ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲದ ಮಲೆನಾಡಿನಲ್ಲಿ ಮೂರು ದಿನವಾದರೂ ತಕ್ಕಡಿ ಇಳಿಯದೆ ಇರಬಹುದು. ಹಸಿ ಬತ್ತಿಯನ್ನು ನೇರ ಬಿಸಿಲಿಗೆ ಹಾಕಿದರೆ ಮೇಲ್ಬದಿ ಮೊದಲು ಕುಗ್ಗಿ ಬತ್ತಿ ಬಿಲ್ಲಿನಂತೆ ಬಾಗುತ್ತದೆ. ಅರ್ಧ ದಿನ ನೆರಳು ಕಂಡ ಮೇಲೆ ಎಳೆಬಿಸಿಲು ಪರವಾಗಿಲ್ಲ. ಬಿಸಿಗಾಳಿಯ ಡ್ರೈಯರ್ ಇಟ್ಟವರು 45 ಡಿಗ್ರಿ ಸುತ್ತಮುತ್ತಲೇ ಇರಲಿ. ಬೇಗ ಮುಗಿಯಲೆಂದು ಶಾಖ ಏರಿಸಿದರೆ ಮೇಲ್ಮೈ ಗಟ್ಟಿ ಚಿಪ್ಪಿನಂತಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಮೇಲೆ ಕೂದಲೆಳೆ ಬಿರುಕು, ಒಳಗೆ ತೇವ, ಎರಡೂ ಒಟ್ಟಿಗೆ.

ಒಣಗಿದ ಬತ್ತಿ ಹಾಗೇ ಉಳಿಯುತ್ತದೆ ಎಂದುಕೊಳ್ಳಬಾರದು. ಇದ್ದಲು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಸಂಜೆ ತಟ್ಟೆಗಳನ್ನು ಹೊರಗೆ ಬಿಟ್ಟರೆ ಹಗಲಿನ ಒಣಗು ವ್ಯರ್ಥ. ದಪ್ಪ ಪಾಲಿಥಿನ್ ಚೀಲದಲ್ಲಿ ಬಾಯಿ ಕಟ್ಟಿಡಿ. ಕಚ್ಚಾ ಬತ್ತಿಯನ್ನು ಹೊರಗಿನಿಂದ ಕೊಳ್ಳುವವರಂತೂ ಅದ್ದುವ ಹಿಂದಿನ ದಿನ ಇನ್ನೊಮ್ಮೆ ಹರಡಿ ಒಣಗಿಸಲೇಬೇಕು. ತೂಕಕ್ಕೆ ಮಾರುವ ಸರಕಿನಲ್ಲಿ ನೀರಿಗೂ ಬೆಲೆಯಿರುತ್ತದಲ್ಲ!

ಅದ್ದುವುದು

ಸೆಂಟನ್ನು ನೇರವಾಗಿ ಬಳಸುವುದಿಲ್ಲ, ತೆಳುಮಾಡುವ ದ್ರವ ಸೇರಿಸುತ್ತಾರೆ. ಈ ವ್ಯಾಪಾರದಲ್ಲಿ ಅದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಡಿಇಪಿ, ಅಂದರೆ ಡೈಈಥೈಲ್ ಥ್ಯಾಲೇಟ್. ಅಗ್ಗಕ್ಕೆ ವೈಟ್ ಆಯಿಲ್ ಬಳಸುವವರೂ ಇದ್ದಾರೆ. ವೈಟ್ ಆಯಿಲ್‌ನ ತೊಡಕೆಂದರೆ ವೆನಿಲಿನ್‌ನಂಥ ಹರಳು ಪದಾರ್ಥಗಳಿರುವ ಸೆಂಟು ಅದರಲ್ಲಿ ಪೂರ್ತಿ ಕರಗುವುದಿಲ್ಲ. ಹೊಸ ಸೆಂಟು ತಂದಾಗ ಗಾಜಿನ ಶೀಸೆಯಲ್ಲಿ ನೂರು ಮಿಲಿಲೀಟರ್ ಬೆರೆಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಂಜುಮಂಜಾಗಿದ್ದರೆ ಅಥವಾ ತಳದಲ್ಲಿ ಪದರ ಬಿದ್ದಿದ್ದರೆ ಆ ಜೋಡಿ ಬೇಡ. ಹಾಗೆಯೇ ಅದ್ದಿದರೆ ಮೊದಲ ಕಟ್ಟಿಗೆ ಒಂದು ವಾಸನೆ, ಕೊನೆಯ ಕಟ್ಟಿಗೆ ಇನ್ನೊಂದು.

ಒಂದು ಭಾಗ ಸೆಂಟಿಗೆ ಮೂರರಿಂದ ನಾಲ್ಕು ಭಾಗ ಡಿಇಪಿ ಸಾಮಾನ್ಯ ಅಳತೆ. ಎಷ್ಟು ಬೇಕಾಗುತ್ತದೆ ಎಂಬುದನ್ನು ಊಹಿಸಬೇಡಿ, ಒಂದು ಕಿಲೋ ಒಣ ಬತ್ತಿ ಅದ್ದಿ, ಸೋರಿಸಿ, ಮತ್ತೆ ತೂಗಿ. ನಮ್ಮ ಉದಾಹರಣೆಯಲ್ಲಿ ಅದು ಒಂದು ಕಿಲೋ ಮುನ್ನೂರು ಗ್ರಾಂ ಆಯಿತೆನ್ನಿ. ಒಡೆದದ್ದು, ಬಾಗಿದ್ದು ತೆಗೆದು ಉಳಿದ ಹನ್ನೆರಡೂವರೆ ಕಿಲೋಗೆ ಮೂರೂಮುಕ್ಕಾಲು ಕಿಲೋ ಮಿಶ್ರಣ ಹೋಗುತ್ತದೆ. ಒಂದಕ್ಕೆ ಮೂರರ ಅಳತೆಯಲ್ಲಿ ಸೆಂಟು ಒಂದು ಕಿಲೋಗೆ ಚೂರು ಕಡಿಮೆ. ಪಾತ್ರೆಯಲ್ಲಿ ಬತ್ತಿ ಮುಳುಗುವಷ್ಟು ಎತ್ತರ ಉಳಿಯಬೇಕಾದ್ದರಿಂದ ಕೈಯಲ್ಲಿ ಇದಕ್ಕಿಂತ ಹೆಚ್ಚೇ ಇರಬೇಕು. ಅಗಲ ಪಾತ್ರೆಗಿಂತ ಕಿರಿದಾದ ಎತ್ತರದ ಸ್ಟೀಲ್ ಪಾತ್ರೆಯಾದರೆ ಈ ಹೆಚ್ಚುವರಿ ಕಡಿಮೆ ಸಾಕು. ಪಿವಿಸಿ ಪಾತ್ರೆ, ರಬ್ಬರ್ ಬ್ಯಾಂಡ್ ಎರಡೂ ಡಿಇಪಿಗೆ ಮೆತ್ತಗಾಗುತ್ತವೆ. ಕಟ್ಟಿಗೆ ನೂಲು ದಾರವೇ ಇರಲಿ, ಕೈಗೆ ನೈಟ್ರೈಲ್ ಗವಸು.

ಕಟ್ಟು ಸಡಿಲವಾಗಿರಬೇಕು, ಬಿಗಿದರೆ ನಡುವಿನ ಬತ್ತಿಗೆ ಸೆಂಟು ಮುಟ್ಟುವುದಿಲ್ಲ. ಹಿಟ್ಟು ಮುಗಿಯುವ ಗೆರೆಯವರೆಗೆ ಮುಳುಗಿಸಿ. ಕೂಡಲೇ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ರಂಧ್ರಗಳಲ್ಲಿದ್ದ ಗಾಳಿ, ಅದು ಹೊರಬಂದಷ್ಟು ಸೆಂಟು ಒಳಗಿಳಿಯುತ್ತಿದೆ. ಗುಳ್ಳೆ ನಿಂತಾಗ ಎತ್ತಿ, ಕೆಲವೇ ಸೆಕೆಂಡಿನ ಕೆಲಸ. ಗುಳ್ಳೆಯೇ ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಬತ್ತಿಯಲ್ಲಿ ಬಹುಶಃ ಇನ್ನೂ ನೀರಿದೆ ಅಥವಾ ಜಿಗಟು ವಿಪರೀತವಾಗಿದೆ. ಕಿಲೋಗೆ ಬರಬೇಕಾದ ಮುನ್ನೂರು ಗ್ರಾಂ ಬದಲು ನೂರೈವತ್ತೇ ಬರುವುದೂ ಇದೇ ಸೂಚನೆ. ಹೆಚ್ಚು ಹೊತ್ತು ನೆನೆಸಿದರೆ ಸರಿಹೋಗುವುದಿಲ್ಲ, ಮತ್ತೆ ಒಣಗಿಸಬೇಕು.

ಎರಡನೇ ಒಣಗು

ಡಿಇಪಿ ಕುದಿಯುವುದು 295 ಡಿಗ್ರಿ ಆಸುಪಾಸಿನಲ್ಲಿ. ನೆರಳಿನಲ್ಲಿಟ್ಟರೂ ಬಿಸಿಲಿಗೆ ಹಾಕಿದರೂ ಅದು ಆರಿಹೋಗುವ ಮಾತಿಲ್ಲ. ಬಿಸಿಲಿಗೆ, ಫ್ಯಾನಿಗೆ ಆರಿಹೋಗುವುದು ಸೆಂಟಿನಲ್ಲಿನ ಹಗುರ ಪದಾರ್ಥಗಳು, ಪ್ಯಾಕೆಟ್ ಬಿಚ್ಚಿದಾಗ ಮೊದಲು ಮೂಗಿಗೆ ಬಡಿಯಬೇಕಾದ ವಾಸನೆ. ಅದ್ದಿದ ಬತ್ತಿಯನ್ನು ಫ್ಯಾನಿನ ಕೆಳಗೆ ಹರಡುವವರು ತಾವು ಕೊಂಡ ಸೆಂಟನ್ನು ಗಾಳಿಗೆ ಬಿಡುತ್ತಿದ್ದಾರೆ ಅಷ್ಟೆ.

ಮೊದಲ ಒಂದು ಗಂಟೆ ಕಟ್ಟುಗಳನ್ನು ತುದಿ ಕೆಳಗಾಗಿ, ಜಾಲರಿಯ ಮೇಲೆ ಓರೆಯಾಗಿ ನಿಲ್ಲಿಸಿ ಸೋರಿಸಿ. ತಟ್ಟೆಗೆ ಬಿದ್ದದ್ದನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಹಿಂದಿರುಗಿಸಬಹುದು. ಆಮೇಲೂ ನಿಲ್ಲಿಸಿಯೇ ಇಟ್ಟರೆ ತುದಿಗೆ ಎಣ್ಣೆ ಇಳಿದು ಹಚ್ಚುವಾಗ ಹೊಗೆಯಾಡುತ್ತದೆ, ಆದ್ದರಿಂದ ಕಟ್ಟು ಬಿಚ್ಚಿ ಮಲಗಿಸಿ. ಗಾಳಿ ಬೀಸದ ಕೋಣೆಯಲ್ಲಿ ಒಂದು ರಾತ್ರಿ ಇರಲಿ. ಬೆಳಿಗ್ಗೆ ಬಿಳಿ ಕಾಗದದ ಮೇಲೆ ಒಂದು ಬತ್ತಿ ಉರುಳಿಸಿ. ಎಣ್ಣೆಯ ಕಲೆ ಹಿಡಿದರೆ ಇನ್ನೂ ಹೊತ್ತು ಬೇಕು. ಕಲೆ ಇಲ್ಲದಿದ್ದರೆ ಪಾಲಿಥಿನ್ ಚೀಲದಲ್ಲಿ ಬಾಯಿ ಕಟ್ಟಿ ಮೂರು ನಾಲ್ಕು ದಿನ ಇಡಿ. ಸೆಂಟು ಬತ್ತಿಯ ಉದ್ದಕ್ಕೂ, ಒಳಗಿನವರೆಗೂ ಸಮವಾಗಿ ಹರಡುವುದು ಈ ದಿನಗಳಲ್ಲೇ.

ಪ್ಯಾಕ್ ಮಾಡುವ ಮೊದಲು ಚೀಲದ ಬೇರೆಬೇರೆ ಕಡೆಯಿಂದ ಐದು ಬತ್ತಿ ತೆಗೆದು, ಫ್ಯಾನಿಲ್ಲದ ಕೋಣೆಯಲ್ಲಿ ಹಚ್ಚಿ. ಆರೂವರೆ ಇಂಚಿನ ಹಿಟ್ಟು ಅರ್ಧದಿಂದ ಮುಕ್ಕಾಲು ಗಂಟೆ ಉರಿಯಬೇಕು, ಬೂದಿ ಉದ್ದಕ್ಕೆ ನಿಂತು ಬಾಗಿ ಬೀಳಬೇಕು. ಹಚ್ಚಿದ ಜ್ವಾಲೆ ಊದಿದರೂ ಆರದೆ ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚಾಗಿದೆ. ಮಧ್ಯದಲ್ಲಿ ಆರಿದರೆ ಮುರಿದು ಒಳಪದರ ನೋಡಿ. ಶೀಸೆಯಲ್ಲಿ ಸೊಗಸಾಗಿದ್ದ ಸೆಂಟು ಉರಿಯುವಾಗ ಸುಟ್ಟ ರಬ್ಬರಿನಂತಾಗುವುದೂ ಉಂಟು. ಸೋಪಿಗೆಂದು ಮಾಡಿದ ಸೆಂಟನ್ನು ಬತ್ತಿಗೆ ಬಳಸಿದಾಗ ಹೀಗಾಗಬಹುದು. ಹೊಸ ಸೆಂಟನ್ನು ಹತ್ತು ಬತ್ತಿಯಲ್ಲಿ ಉರಿಸಿ ನೋಡದೆ ಡಬ್ಬಿಗಟ್ಟಲೆ ಕೊಳ್ಳಬೇಡಿ.

ಡಬ್ಬಿಯ ಒಳಚೀಲಕ್ಕೆ ತೆಳು ಪಾಲಿಥಿನ್ ಸಾಲದು, ವಾಸನೆ ಅದರ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಲ್ಯಾಮಿನೇಟ್ ಮಾಡಿದ ಕವರೇ ಬೇಕು. ಇನ್ನು ಉರಿಸಿ ನೋಡಿದ ಬತ್ತಿಗಳ ತುಂಡನ್ನು ಕಸದ ಬುಟ್ಟಿಗೆ ಹಾಕದೆ ಮರಳಿನ ಡಬ್ಬಿಗೆ ಚುಚ್ಚಿಡಿ. ಇದ್ದಲಿನ ಪುಡಿ ಹಾರಾಡುವ, ಸೆಂಟು ತುಂಬಿದ ಕಟ್ಟಡದಲ್ಲಿ ಆರಿತೆಂದುಕೊಂಡ ಬತ್ತಿಯ ತುದಿಯೊಳಗೆ ಕೆಂಡ ಇನ್ನೂ ಇರುತ್ತದೆ.